ಪೀಠಿಕೆಯಲ್ಲಿ ಕತೆ ಹೇಳದೆ ವಾದ ಹೇಳುವುದು ಹೇಗೆ?

‘ಮುಂಬೈಯಲ್ಲಿ ಕನ್ನಡ ಎಂ.ಎ. ಮಾಡ್ತಿದ್ದೀನಿ. ಚಿತ್ತಾಲರ ‘ಶಿಕಾರಿ’ ಕಾದಂಬರಿ ಮೇಲೆ ಪ್ರಬಂಧ. ಪೀಠಿಕೆ ಒಂದೂವರೆ ಪುಟ ಆಯ್ತು, ಮೇಷ್ಟ್ರು “ಇದು ಬರೀ ಕತೆ” ಅಂದ್ರು. ಏನು ಮಾಡಲಿ?’

ವಾದ ಇನ್ನೂ ಗಟ್ಟಿಯಾಗುವ ಮೊದಲೇ ಪೀಠಿಕೆ ಬರೆದಿದ್ದೀರಿ ಅನಿಸುತ್ತದೆ. ಹೇಳಲು ವಾದ ಇಲ್ಲದಾಗ ಕೈ ತಾನಾಗಿ ಕತೆಗೆ ಹೋಗುತ್ತದೆ.

ಬರೆದ ಪೀಠಿಕೆಯನ್ನು ಪಕ್ಕಕ್ಕಿಟ್ಟು ಮೊದಲು ಒಂದೇ ವಾಕ್ಯ ಬರೆಯಿರಿ. ‘ನಾಗಪ್ಪ ಕಂಪನಿಯಲ್ಲಿ ಆರೋಪಕ್ಕೆ ಗುರಿಯಾಗುತ್ತಾನೆ’ ಅನ್ನುವುದು ಕತೆ. ಕಾದಂಬರಿ ಓದಿದವರು ಯಾರೂ ಇದನ್ನು ಅಲ್ಲಗಳೆಯುವುದಿಲ್ಲ. ‘ನಾಗಪ್ಪನನ್ನು ಬೇಟೆಯಾಡುವುದು ಹೊರಗಿನ ಶತ್ರುಗಳಿಗಿಂತ ಜಾಸ್ತಿ ಅವನೊಳಗಿನ ಭಯ’ ಅನ್ನುವುದು ವಾದ. ಇದನ್ನು ಒಪ್ಪದವರು ಇರಬಹುದು, ಅಲ್ವಾ? ಹಾಗಾಗಿಯೇ ನೀವು ಸಾಧಿಸಿ ತೋರಿಸಬೇಕು.

ಆಮೇಲೆ ವ್ಯಾಪ್ತಿ: ‘ಇದಕ್ಕಾಗಿ ಆಫೀಸಿನ ದೃಶ್ಯಗಳನ್ನೂ ನಾಗಪ್ಪನ ಒಳಮಾತನ್ನೂ ನೋಡುತ್ತೇನೆ. ಹನೇಹಳ್ಳಿಯ ನೆನಪುಗಳು ಈ ಭಯಕ್ಕೆ ಸಂಬಂಧಿಸಿದಷ್ಟು ಮಾತ್ರ ಬರುತ್ತವೆ.’ ಬಿಟ್ಟದ್ದನ್ನೂ ಹೇಳುವುದು ಮುಖ್ಯ. ಇಲ್ಲದಿದ್ದರೆ ಹನೇಹಳ್ಳಿಯ ಬಗ್ಗೆ ಯಾಕೆ ಹೆಚ್ಚು ಬರೆದಿಲ್ಲ ಅಂತ ಕೇಳುತ್ತಾರೆ.

ಕತೆ ಪೂರ್ತಿ ಬೇಡ ಅಂತಲ್ಲ. ವಾದ ಅರ್ಥವಾಗಲು ಬೇಕಾದ ಸಂಗತಿಯನ್ನು ವಾದದ ವಾಕ್ಯದೊಳಗೇ ಸೇರಿಸಿ: ‘ಆರೋಪ ಹೊತ್ತ ನಾಗಪ್ಪನನ್ನು...’ ಅಷ್ಟು ಸಾಕು.

ಕೊನೆಗೆ ಪ್ರತಿ ವಾಕ್ಯದ ಮೊದಲು ‘ಆಮೇಲೆ’ ಸೇರಿಸಿ ಓದಿ. ಸುಮ್ನೆ ಹೊಂದಿಕೊಂಡರೆ ಅದು ಬಹುಶಃ ಕತೆ, ತೆಗೆಯಿರಿ. ಲೇಖಕರ ಪರಿಚಯ, ಪ್ರಕಟವಾದ ವರ್ಷ ಬೇಕೋ ಬೇಡವೋ ಅನ್ನುವುದು ಒಬ್ಬೊಬ್ಬ ಮೇಷ್ಟ್ರಿಗೆ ಒಂದೊಂದು ಥರ, ನಿಮ್ಮವರನ್ನೇ ಕೇಳಿ. ಉಳಿದದ್ದು ಅರ್ಧ ಪುಟ ಆದರೂ ಪರವಾಗಿಲ್ಲ.