ಊರ ಲೆಕ್ಕ ಬರೆದೆ, ಓಣಿ ಲೆಕ್ಕ ಬಿಟ್ಟೆ

ಪ್ರಶ್ನೆ: ನಮ್ಮೂರ ನಗರಸಭೆಯಲ್ಲಿ ನಮ್ಮ ಪಕ್ಷಕ್ಕೆ ಶೇ 18 ಮತ ಬಂದಿದೆ, ಆದ್ರೆ 35 ವಾರ್ಡಿನಲ್ಲಿ ಗೆದ್ದಿದ್ದು ಎರಡೇ. ಲೆಕ್ಕದ ಪ್ರಕಾರ ಆರು ಬರಬೇಕಿತ್ತಲ್ವಾ? ಮಷೀನಿನಲ್ಲಿ ಮೋಸ ಆಗಿದೆಯಾ? ಮುಂದಿನ ಸಲ ಎಲ್ಲ ವಾರ್ಡಿನಲ್ಲೂ ಇನ್ನೂ ಜೋರಾಗಿ ನಿಲ್ಲಬೇಕಾ, ಇಲ್ಲ ಪಕ್ಷವನ್ನೇ ಬಿಡಬೇಕಾ?

ನೀವು ಕೊಟ್ಟ ಅಂಕಿಗಳಲ್ಲಿ ಮೋಸದ ಗುರುತು ನನಗೇನೂ ಕಾಣಲಿಲ್ಲ. ಕಂಡಿದ್ದು ನನ್ನದೇ ಹಳೇ ನೋಟ್‌ಬುಕ್ಕು.

ಕೊಪ್ಪಳ ಜಿಲ್ಲೆಯ ಒಂದು ಪಟ್ಟಣ, 23 ವಾರ್ಡಿನ ಪುರಸಭೆ. ಎರಡು ದೊಡ್ಡ ಪಕ್ಷಗಳ ಮೇಲೂ ಬೇಸರ ಬಂದಿದ್ದ ನಾವೊಂದಷ್ಟು ಜನ ಸೇರಿ ಒಂದು ಸಣ್ಣ ಪಕ್ಷದ ಚಿಹ್ನೆ ಮೇಲೆ ನಿಂತಿದ್ವಿ. ರೈಸ್ ಮಿಲ್ಲಿನ ಹಮಾಲರು, ಇಬ್ಬರು ವಕೀಲರು, ಕಾಲೇಜು ಮುಗಿಸಿ ಕೂತಿದ್ದ ಹುಡುಗರು. ಕುಡಿಯೋ ನೀರು ಎಂಟು ದಿನಕ್ಕೊಮ್ಮೆ ಬರ್ತಿತ್ತು, ನಮ್ಮ ಪ್ರಚಾರದ ವಿಷಯ ಅದೊಂದೇ. ನಾನು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೀತಿದ್ದೆ, ಹಾಗಾಗಿ ಚುನಾವಣೆಯ ಲೆಕ್ಕವೂ ನನ್ನ ಪಾಲಿಗೇ ಬಂತು.

ಒಂದು ತಿಂಗಳು ಮನೆ ಮನೆ ತಿರುಗಿದ್ವಿ. ರಾತ್ರಿ ಹುಡುಗರು ಬಂದು ‘ಇವತ್ತು ನಲವತ್ತು ವೋಟು ಖಾತ್ರಿ’ ‘ಇವತ್ತು ಅರವತ್ತು’ ಅಂತ ಹೇಳೋರು, ನಾನು ಬರೆದುಕೊಂಡು ಹಿಂದಿನ ದಿನದ ಮೊತ್ತಕ್ಕೆ ಕೂಡಿಸ್ತಿದ್ದೆ. ಕೊನೆಗೆ ಮೊತ್ತ ಐದು ಸಾವಿರದ ಹತ್ತಿರ ಬಂತು. ಊರಲ್ಲಿ ಮತ ಬೀಳೋದು ಸುಮಾರು 23,000. ಅಂದ್ರೆ ನಮ್ಮದು ಐದರಲ್ಲಿ ಒಂದು ಪಾಲು, 23 ವಾರ್ಡಿನಲ್ಲಿ ನಾಲ್ಕೋ ಐದೋ ನಮ್ಮವು. ನೀವು ಆರು ಸೀಟಿನ ಲೆಕ್ಕ ಹಾಕಿದ್ದೀರಲ್ಲ, ಅದೇ ಲೆಕ್ಕ.

ನಮ್ಮ ಓಣಿಯ ನಿವೃತ್ತ ಮೇಷ್ಟ್ರು ಒಬ್ಬರು ಆ ನೋಟ್‌ಬುಕ್ಕು ಇಸ್ಕೊಂಡು ನೋಡಿದರು. ‘ತಮ್ಮಾ, ಪೂರಾ ಊರಿನ ಲೆಕ್ಕ ಬರದಿ. ಓಣಿ ಲೆಕ್ಕ ಎಲ್ಲೈತಿ?’ ಅಂದರು. ‘ಎಲ್ಲಾ ಕೂಡಿ ಒಂದಾ ಅಲ್ರೀ ಸರ್’ ಅಂದೆ. ಅವರು ತಲೆ ಅಲ್ಲಾಡಿಸಿದರು. ‘ಒಂದಲ್ಲಪಾ. ಒಂದು ಗದ್ದಿಗೆ ಮೊಣಕಾಲಮಟ ನೀರು ನಿಂತ್ರ ಬಾಜೂ ಗದ್ದಿ ನೆಲ್ಲು ಬೆಳಿತದೇನು?’ ಆ ಮಾತು ನನಗೆ ಅವತ್ತು ಅರ್ಥವಾಗಲಿಲ್ಲ.

ಫಲಿತಾಂಶ ಹೀಗೆ ಬಂತು. ಮೊದಲ ದೊಡ್ಡ ಪಕ್ಷಕ್ಕೆ 8,100 ಮತ, 13 ಸೀಟು. ಎರಡನೆಯದಕ್ಕೆ 7,300 ಮತ, 7 ಸೀಟು. ನಮಗೆ 4,600 ಮತ, ಒಂದು ಸೀಟು. ನಮ್ಮ ಹೊಟ್ಟೆ ಉರಿಸಿದ್ದು ಇನ್ನೊಂದು ಗುಂಪು. ಹಳೇಪೇಟೆ ಕಡೆಯ ಅವರು ಮೂರೇ ಮೂರು ವಾರ್ಡಿನಲ್ಲಿ ನಿಂತು, ಒಟ್ಟು 1,290 ಮತ ತಗೊಂಡು, ಎರಡು ಸೀಟು ಗೆದ್ದರು. ನಮ್ಮ ಮತದ ಮೂರನೇ ಒಂದು ಪಾಲೂ ಇಲ್ಲದವರಿಗೆ ನಮಗಿಂತ ಎರಡು ಪಟ್ಟು ಸೀಟು! ಅವತ್ತು ನಾವೂ ‘ಮಷೀನು ಮಷೀನು’ ಅಂತ ತಹಸೀಲ್ದಾರ್ ಆಫೀಸಿನ ಮುಂದೆ ಕೂತಿದ್ವಿ.

ಒಂದು ವಾರ ಬಿಟ್ಟು ಮೇಷ್ಟ್ರ ಕಟ್ಟೆಯ ಮೇಲೆ ವಾರ್ಡುವಾರು ಪಟ್ಟಿ ಹರಡಿಕೊಂಡು ಕೂತೆವು. ಇಲ್ಲಿಂದ ಸ್ವಲ್ಪ ನಿಧಾನಕ್ಕೆ ಓದಿ, ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಇದರಲ್ಲೇ.

ನಾವು ಗೆದ್ದ ವಾರ್ಡು ನಮ್ಮ ಓಣಿಯದೇ, ಒಂಬತ್ತನೇ ವಾರ್ಡು. ಅಲ್ಲಿ ನಮಗೆ 620 ಮತ, ಎರಡನೇ ಸ್ಥಾನದವರಿಗೆ 240. ಗೆಲ್ಲೋಕೆ 241 ಸಾಕಿತ್ತು. ಉಳಿದ 379 ಮತ ನಿಜವಾದವೇ, ನಮ್ಮವರೇ ಬಿಸಿಲಲ್ಲಿ ಸಾಲಿನಲ್ಲಿ ನಿಂತು ಹಾಕಿದ್ದು, ಆದರೆ ಅವುಗಳಿಂದ ಇನ್ನೊಂದು ಸೀಟು ಬರಲಿಲ್ಲ. ಮಿಕ್ಕ 22 ವಾರ್ಡಿನಲ್ಲಿ ನಮಗೆ ಬಿದ್ದಿದ್ದು ಒಟ್ಟು 3,980 ಮತ, ಸರಾಸರಿ ವಾರ್ಡಿಗೆ ಸುಮಾರು 180. ಎಲ್ಲ ಕಡೆ ಮೂರನೇ ಸ್ಥಾನ, ಎರಡು ವಾರ್ಡು ಬಿಟ್ಟು. ಅಂದರೆ 4,600ರಲ್ಲಿ ಸೀಟು ತಂದುಕೊಟ್ಟಿದ್ದು 241 ಮತ ಮಾತ್ರ. ಹಳೇಪೇಟೆಯವರ ಮತ ಮೂರು ವಾರ್ಡಿನಲ್ಲಿ ಒತ್ತಾಗಿತ್ತು, ಸರಾಸರಿ ವಾರ್ಡಿಗೆ 430. ತ್ರಿಕೋನ ಸ್ಪರ್ಧೆ ಇರೋ ವಾರ್ಡಿನಲ್ಲಿ 430 ಅಂದ್ರೆ ಬಹುತೇಕ ಗೆಲುವು, 180 ಅಂದ್ರೆ ಖಂಡಿತ ಸೋಲು. ನಮ್ಮ ಚುನಾವಣೆಯಲ್ಲಿ ಪ್ರತಿ ವಾರ್ಡಿಗೂ ಬೇರೆಬೇರೆ ಲೆಕ್ಕ ಆಗುತ್ತೆ, ಅಲ್ಲಿ ಎಲ್ಲರಿಗಿಂತ ಒಂದು ಮತ ಹೆಚ್ಚು ಬಂದವರು ಗೆಲ್ತಾರೆ. ಒಂದು ವಾರ್ಡಿನಲ್ಲಿ ಸೋತ ಮತ, ಇನ್ನೊಂದು ವಾರ್ಡಿನಲ್ಲಿ ಹೆಚ್ಚಾದ ಮತ, ಇವೆರಡನ್ನ ಕೂಡಿಸಿ ಸೀಟು ಕೊಡೋ ಪದ್ಧತಿ ಇಲ್ಲಿಲ್ಲ.

ನನ್ನ ತಪ್ಪು ಏನು ಅಂತ ಬಿಡಿಸಿ ಹೇಳ್ತೀನಿ. ಮೊತ್ತ ತಪ್ಪಾಗಿರಲಿಲ್ಲ, 5,000 ಅಂದಿದ್ದೆ, 4,600 ಬಂತು. ತಪ್ಪಿದ್ದು ಕಾಲಂನಲ್ಲಿ. ನಾನು ಗೀಟು ಹಾಕಿದ್ದು ಒಂದೇ ಕಾಲಂ, ಹಾಕಬೇಕಾಗಿದ್ದು 23. ಹುಡುಗ ಬಂದು ‘ನಲವತ್ತು ಖಾತ್ರಿ’ ಅಂದಾಗ ಯಾವ ವಾರ್ಡಿನಲ್ಲಿ ಅಂತ ನಾನು ಕೇಳಲೇ ಇಲ್ಲ. ಕೇಳಿದ್ದರೆ ಎರಡು ವಾರ ಮೊದಲೇ ಗೊತ್ತಾಗ್ತಿತ್ತು: ಒಂಬತ್ತನೇ ವಾರ್ಡು ಆಗಲೇ ಗೆದ್ದಾಗಿದೆ, ಇಪ್ಪತ್ತು ವಾರ್ಡು ಕೈಗೆಟುಕೋದಿಲ್ಲ, ನಾಲ್ಕನೇ ಮತ್ತು ಹದಿನೇಳನೇ ವಾರ್ಡು ತಕ್ಕಡಿಯ ಮೇಲಿವೆ.

ಗೊತ್ತಿಲ್ಲದ್ದಕ್ಕೆ ನಾನು 46 ಹುಡುಗರನ್ನ ವಾರ್ಡಿಗೆ ಇಬ್ಬರಂತೆ ಸಮನಾಗಿ ಹಂಚಿದೆ. ಅದು ನ್ಯಾಯ ಅಂತ ಆವಾಗ ಅನ್ನಿಸಿತ್ತು. ಅದಕ್ಕಿಂತ ದೊಡ್ಡ ತಪ್ಪು ಕೊನೆಯ ಎರಡು ದಿನ ಮಾಡಿದೆ. ಒಂಬತ್ತನೇ ವಾರ್ಡಿನಲ್ಲಿ ದುಡ್ಡು ಹಂಚ್ತಿದ್ದಾರೆ ಅಂತ ಯಾರೋ ಸುದ್ದಿ ತಂದರು. ಸ್ವಂತ ಓಣಿಯಲ್ಲೇ ಸೋತರೆ ಮರ್ಯಾದೆ ಹೋಗುತ್ತೆ ಅಂತ ಹೆದರಿ, ನಾಲ್ಕನೇ ವಾರ್ಡು, ಹದಿನೇಳನೇ ವಾರ್ಡಿನಲ್ಲಿದ್ದ ಹುಡುಗರನ್ನೂ ವಾಪಸ್ ಕರೆಸಿಕೊಂಡೆ. ಒಂಬತ್ತರಲ್ಲಿ 380 ಮತದಿಂದ ಗೆದ್ವಿ. ನಾಲ್ಕರಲ್ಲಿ 18 ಮತದಿಂದ ಸೋತ್ವಿ, ಹದಿನೇಳರಲ್ಲಿ 31 ಮತದಿಂದ. ಹದಿನೇಳನೇ ವಾರ್ಡಿನ ನಮ್ಮ ಅಭ್ಯರ್ಥಿ ಬೀಡಿ ಕಟ್ಟೋ ಹೆಣ್ಣುಮಗಳು. ‘ಅಣ್ಣಾ, ಆ ಇಬ್ಬರು ಹುಡುಗರು ಇದ್ದಿದ್ರ ನಮ್ಮ ಓಣಿ ಮುದುಕೇರನ್ನ ಬೂತಿಗೆ ಕರ್ಕೊಂಡು ಬರ್ತಿದ್ರು’ ಅಂತ ಅಷ್ಟೇ ಅಂದಳು. ಅದನ್ನ ನಾನು ಇವತ್ತಿಗೂ ಮರೆತಿಲ್ಲ.

ಇದು ಸಣ್ಣೂರಿನ ಕಥೆ ಅಂತ ಬಿಡಬೇಡಿ, ಇಡೀ ರಾಜ್ಯದಲ್ಲೂ ಹೀಗೇ ಆಗಿದೆ. 2018ರ ಮೇ ತಿಂಗಳಲ್ಲಿ ವಿಧಾನಸಭೆಯ 222 ಕ್ಷೇತ್ರಕ್ಕೆ ಮತದಾನ ಆಯ್ತು. ಕಾಂಗ್ರೆಸ್ಸಿಗೆ ಸುಮಾರು ಶೇ 38 ಮತ, 78 ಸೀಟು. ಬಿಜೆಪಿಗೆ ಸುಮಾರು ಶೇ 36 ಮತ, 104 ಸೀಟು. ಮತ ಕಡಿಮೆ, ಸೀಟು ಹೆಚ್ಚು. ಕಾಂಗ್ರೆಸ್ಸಿನ ಮತ ರಾಜ್ಯದ ಎಲ್ಲ ಕಡೆ ಹರಡಿತ್ತು. ಹಳೇ ಮೈಸೂರು ಭಾಗದಲ್ಲಿ ಅದರ ಎದುರಾಳಿ ಜೆಡಿಎಸ್. ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಜೆಡಿಎಸ್ ಗೆದ್ದುಕೊಂಡಿತು, ಅಲ್ಲಿ ಕಾಂಗ್ರೆಸ್ಸಿಗೆ ಬಿದ್ದ ಮತ ನಮ್ಮ 22 ವಾರ್ಡಿನ ಮತದ ಹಾಗೆ ಸೀಟಾಗದೆ ಹೋಯ್ತು. ಬಿಜೆಪಿಗೆ ಆ ಭಾಗದಲ್ಲಿ ಮತವೇ ಕಡಿಮೆ, ಹಾಗಾಗಿ ಅಲ್ಲಿ ಹಾಳಾಗಿದ್ದೂ ಕಡಿಮೆ. ಅದರ ಮತ ಕರಾವಳಿ ಮತ್ತು ಉತ್ತರದ ಜಿಲ್ಲೆಗಳಲ್ಲಿ ಗೆಲ್ಲೋವಷ್ಟು ಗಟ್ಟಿಯಾಗಿತ್ತು.

ಐದು ವರ್ಷ ಬಿಟ್ಟು 2023ರಲ್ಲಿ ನೋಡಿ. ಬಿಜೆಪಿಗೆ ಮತ್ತೆ ಶೇ 36ರಷ್ಟೇ ಮತ. ಸೀಟು ಮಾತ್ರ 104ರಿಂದ 66ಕ್ಕೆ ಇಳಿಯಿತು. ತನ್ನ ಮತ ಕರಗದೇನೇ ಒಂದು ಪಕ್ಷ 38 ಸೀಟು ಕಳ್ಕೊಂಡಿತು! ಎದುರಿಗಿದ್ದವರ ಮತ ಒಂದು ಕಡೆ ಸೇರಿತು, ಅದೇ ಕಾರಣ. ಜೆಡಿಎಸ್ ಶೇ 18ರಿಂದ 13ಕ್ಕೆ ಇಳಿಯಿತು, ಕಾಂಗ್ರೆಸ್ ಶೇ 43ರ ಹತ್ತಿರ ಹೋಗಿ 135 ಸೀಟು ಗೆದ್ದಿತು. ಜೊತೆಗೆ ಬಿಜೆಪಿಯ ಮತ ಹಳೇ ಮೈಸೂರಿನಲ್ಲಿ, ಅಂದ್ರೆ ಹೆಚ್ಚಾದರೂ ಗೆಲುವು ಕಷ್ಟವಿದ್ದ ಕಡೆ ಹೆಚ್ಚಾಯ್ತು, ನಮ್ಮ ಕಲ್ಯಾಣ ಕರ್ನಾಟಕದ ಕಡೆ ಇಳಿಯಿತು. ರಾಜ್ಯದ ಮೊತ್ತದಲ್ಲಿ ಏರಿಳಿತ ಒಂದಕ್ಕೊಂದು ಸರಿಹೋಗಿ ಏನೂ ಆಗಿಲ್ಲ ಅನ್ನೋ ಹಾಗೆ ಕಾಣುತ್ತೆ. ಒಂದೇ ಕಾಲಂನಲ್ಲಿ ಬರೆದರೆ ಆಗೋದೇ ಇದು.

ಅದೇ ಚುನಾವಣೆಯಲ್ಲಿ ಬಳ್ಳಾರಿ ನಗರ ಕ್ಷೇತ್ರ ಗೆದ್ದಿದ್ದು ಕಾಂಗ್ರೆಸ್. ಜನಾರ್ದನ ರೆಡ್ಡಿಯವರ ಹೊಸ ಪಕ್ಷ ಎರಡನೇ ಸ್ಥಾನ, ಬಿಜೆಪಿ ಮೂರನೇ ಸ್ಥಾನ. ಒಂದೇ ಮನೆತನದ ಇಬ್ಬರು ಎರಡು ಚಿಹ್ನೆ ಮೇಲೆ ನಿಂತಿದ್ದರು. ಜಿಲ್ಲೆಯ ಐದೂ ಸೀಟು ಕಾಂಗ್ರೆಸ್ಸಿಗೇ ಹೋದವು. ‘ಒಟ್ಟಿಗೆ ನಿಂತಿದ್ದರೆ ಗೆಲ್ತಿದ್ದರು’ ಅನ್ನೋರನ್ನ ಮಾತ್ರ ನಾನು ನಂಬಲ್ಲ. ಒಬ್ಬರು ಕಣದಲ್ಲಿಲ್ಲದಿದ್ದರೆ ಅವರ ಮತದಾರರು ಇನ್ನೊಬ್ಬರಿಗೇ ಹಾಕ್ತಿದ್ದರು ಅಂತ ಯಾವ ಖಾತ್ರಿಯೂ ಇಲ್ಲ.

ಇನ್ನು ನಿಮ್ಮ ವಿಷಯ. ಮಷೀನಿನ ಮೇಲೆ ಅನುಮಾನ ಇದ್ದರೆ ಸೀಟು ಎಷ್ಟು ಬಂತು ಅನ್ನೋದು ಅದಕ್ಕೆ ಸಾಕ್ಷಿ ಆಗಲ್ಲ. ಮತದಾನ ಮುಗಿದಾಗ ಬೂತಿನಲ್ಲಿ ಎಷ್ಟು ಮತ ಬಿದ್ದಿದೆ ಅಂತ ಬರೆದಿಟ್ಟ ಲೆಕ್ಕಕ್ಕೂ, ಎಣಿಕೆ ಟೇಬಲ್ಲಿನಲ್ಲಿ ಅದೇ ಮಷೀನು ತೋರಿಸಿದ ಮೊತ್ತಕ್ಕೂ ತಾಳೆ ಹಾಕಿ ನೋಡಿ. ನಾವು ಹಾಗೆ ನೋಡಿದ್ವಿ, ಎಲ್ಲ ಬೂತಿನಲ್ಲೂ ತಾಳೆಯಾಯ್ತು. ಆಮೇಲೆ ಧರಣಿ ಬಿಟ್ಟು ಎದ್ದು ಬಂದ್ವಿ.

‘ಎಲ್ಲ ವಾರ್ಡಿನಲ್ಲೂ ಇನ್ನೂ ಜೋರಾಗಿ’ ಅನ್ನೋದನ್ನ ದಯವಿಟ್ಟು ಮಾಡಬೇಡಿ. ಪಕ್ಷ ಬಿಡೋದು, ಇರೋದು ಆಮೇಲಿನ ಮಾತು, ಈ ಎರಡರಲ್ಲಿ ಒಂದನ್ನ ಆರಿಸಬೇಕು ಅಂತ ನಿಮಗೆ ಯಾಕೆ ಅನ್ನಿಸಿತೋ ನನಗೆ ತಿಳೀಲಿಲ್ಲ. ಮುಂದಿನ ಚುನಾವಣೆಯಲ್ಲಿ ನಾವು ಏಳು ವಾರ್ಡಿನಲ್ಲಿ ಮಾತ್ರ ನಿಂತ್ವಿ. ಬಿಟ್ಟ ಹದಿನಾರು ವಾರ್ಡಿನ ಗೆಳೆಯರು ಬೈದರು, ಇಬ್ಬರು ಮಾತು ಬಿಟ್ಟರು. ಅಷ್ಟರಲ್ಲಿ ಮೀಸಲಾತಿಯೂ ಬದಲಾಗಿ, ನಾಲ್ಕನೇ ವಾರ್ಡು ನಮ್ಮ ಅಭ್ಯರ್ಥಿ ನಿಲ್ಲೋ ಹಾಗಿಲ್ಲದ ವರ್ಗಕ್ಕೆ ಹೋಯ್ತು. ಎರಡು ವರ್ಷ ಅಲ್ಲಿ ತಿರುಗಿದ್ದು ವ್ಯರ್ಥವಾಯ್ತು. ಬಂದ ಮತ 2,350, ಮೊದಲಿನ ಅರ್ಧದಷ್ಟು. ಸೀಟು ಮೂರು. ಹದಿನೇಳನೇ ವಾರ್ಡಿನಿಂದ ಆ ಹೆಣ್ಣುಮಗಳೇ ಗೆದ್ದು ಬಂದಳು.

ನಿಮ್ಮ 35 ವಾರ್ಡಿನ ಪಟ್ಟಿ ತಗೊಳ್ಳಿ. ಪ್ರತಿ ವಾರ್ಡಿನ ಮುಂದೆ ಗೆದ್ದವರ ಮತ, ನಿಮ್ಮ ಮತ, ನಡುವಿನ ಅಂತರ ಬರೆಯಿರಿ. ನೀವು ಎರಡನೇ ಸ್ಥಾನದಲ್ಲಿದ್ದು ಅಂತರ ನೂರರೊಳಗಿರೋ ವಾರ್ಡುಗಳಿಗೆ ಕೆಂಪು ಗುರುತು ಹಾಕಿ. ಗೆದ್ದ ಆ ಎರಡು ವಾರ್ಡಿನಲ್ಲಿ ಎಷ್ಟು ಮತ ಹೆಚ್ಚಾಗಿ ಬಿತ್ತು ಅನ್ನೋದನ್ನೂ ಪಕ್ಕದಲ್ಲಿ ಬರೆಯಿರಿ. ಆ ಪಟ್ಟಿ ಇಲ್ಲಿ ಹಾಕಿದರೆ ಕೂತು ನೋಡ್ತೀನಿ.