ಏನೂ ಆಗದ ದಿನದ ನಷ್ಟ

ಹಗಲಿನಲ್ಲಿ ಪೇಟೆ ನೋಡಲಾಗದೆಯೂ ಷೇರು ವ್ಯವಹಾರ ಮಾಡುವವರು ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತಿರುವುದರಿಂದ, ಒಬ್ಬರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರು ಕುಂಬಳೆಯ ಕಡೆಯವರು, ಕೆಲಸ ಮಂಗಳೂರಿನಲ್ಲಿ. ಬೆಳಿಗ್ಗೆ ರೈಲಿಗೆ ಕಾಯುವಾಗ ಮತ್ತು ರಾತ್ರಿ ಊಟವಾದ ಮೇಲೆ ಮಾತ್ರ ಷೇರುಗಳ ಚಾರ್ಟ್ ನೋಡುತ್ತಿದ್ದರು. ಕಚೇರಿಯಲ್ಲಿ ಮೊಬೈಲ್ ಮುಟ್ಟುವಂತಿರಲಿಲ್ಲ. ನಷ್ಟಕ್ಕಿಂತ ಹೆಚ್ಚಾಗಿ ನಿದ್ದೆಗೆಟ್ಟು ಬಂದಿದ್ದರು. ತಮಗೆ ಮನಸ್ಸಿನ ಹಿಡಿತ ಸಾಲದು ಎಂಬುದು ಅವರ ನಂಬಿಕೆಯಾಗಿತ್ತು.

ಅವರು ಬಳಸುತ್ತಿದ್ದದ್ದು 15 ನಿಮಿಷದ ಚಾರ್ಟ್, ಅಂದರೆ ಪ್ರತಿ 15 ನಿಮಿಷದ ಬೆಲೆಯ ಏರಿಳಿತವನ್ನು ಒಂದೊಂದು ಕ್ಯಾಂಡಲ್ ಆಗಿ ತೋರಿಸುವ ಚಾರ್ಟ್. ನಮ್ಮ ಷೇರುಪೇಟೆ 9:15ರಿಂದ 3:30ರ ತನಕ ನಡೆಯುವುದರಿಂದ, ಅವರ ಬೆಳಗಿನ ನೋಟಕ್ಕೂ ರಾತ್ರಿಯ ನೋಟಕ್ಕೂ ನಡುವೆ ಅಂಥ 25 ಕ್ಯಾಂಡಲ್‌ಗಳು ಮೂಡಿ ಮುಗಿದಿರುತ್ತವೆ.

ಎರಡನೆಯ ಭೇಟಿಗೆ ಅವರು ವ್ಯವಹಾರದ ನೋಟುಪುಸ್ತಕ ತಂದಿದ್ದರು. 11 ಖರೀದಿಗಳ ಪೈಕಿ 8ರಲ್ಲಿ, ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡು ಎಂದು ಮೊದಲೇ ಇಡುವ ಸ್ಟಾಪ್ ಲಾಸ್ ತಾಗಿ ನಷ್ಟವಾಗಿತ್ತು. ಒಂದನ್ನು ಆರಿಸಿ, ಮರುದಿನದ ದೈನಿಕ ಕ್ಯಾಂಡಲನ್ನು ಕಾಗದದ ಮೇಲೆ ಬರೆಯಲು ಹೇಳಿದೆ. ಖರೀದಿ 400 ರೂಪಾಯಿಗೆ ಆಗಿತ್ತು. 15 ನಿಮಿಷದ ಚಾರ್ಟ್‌ನಲ್ಲಿ ಕಂಡ ತಗ್ಗನ್ನು ಆಧರಿಸಿ ಆ ಸಂಜೆಯೇ 394ಕ್ಕೆ ಸ್ಟಾಪ್ ಇಟ್ಟಿದ್ದರು. ಮರುದಿನ ಷೇರು 393ಕ್ಕೆ ಇಳಿದು, 405ಕ್ಕೆ ಏರಿ, 404ರಲ್ಲಿ ಮುಗಿದಿತ್ತು. ಆ ಷೇರಿನ ಹಿಂದಿನ 14 ದಿನಗಳ ಸರಾಸರಿ ಏರಿಳಿತ, ಅಂದರೆ ಚಾರ್ಟ್‌ನಲ್ಲಿ ATR ಎಂದು ಕಾಣುವ ಅಂಕಿ, ಎಷ್ಟೆಂದು ಕೇಳಿದೆ. ಮೊಬೈಲ್ ತೆರೆದು ನೋಡಿ 12 ರೂಪಾಯಿ ಎಂದರು. ಪೆನ್ಸಿಲಿನ ಗೆರೆಯನ್ನೇ ಸ್ವಲ್ಪ ಹೊತ್ತು ನೋಡುತ್ತಾ ಕುಳಿತು, "ಮಾಷ್ಟ್ರೇ, ಇದು ಏನೂ ಆಗದ ದಿನ. ಏನೂ ಆಗದ ದಿನವೇ ನನ್ನನ್ನು ಹೊರಗೆ ಹಾಕಿದೆ" ಎಂದರು.

ನಾನು ಹೇಳಬೇಕೆಂದಿದ್ದುದನ್ನು ಅವರೇ ಹೇಳಿದ್ದರು. ಪರದೆಯ ಮುಂದೆ ಕುಳಿತವನಿಗೆ 6 ರೂಪಾಯಿಯ ಇಳಿತ ಒಂದು ಸೂಚನೆಯಾಗಬಹುದು, ಏಕೆಂದರೆ ಮುಂದಿನ 15 ನಿಮಿಷದಲ್ಲಿ ಅವನು ಮತ್ತೆ ತೀರ್ಮಾನಿಸಬಲ್ಲ. ದಿನಕ್ಕೊಮ್ಮೆ ತೀರ್ಮಾನಿಸುವವನಿಗೆ ಅದು ದಿನದ ಸಹಜ ಓಲಾಟದೊಳಗಿನ ಒಂದು ತುಣುಕು ಅಷ್ಟೆ. ಆದ್ದರಿಂದ ಎರಡು ತೀರ್ಮಾನಗಳ ನಡುವಿನ ಅವಧಿಗಿಂತ ಚಿಕ್ಕ ಕ್ಯಾಂಡಲನ್ನು ನೆಚ್ಚಬಾರದು ಎಂಬುದು ನನ್ನ ನಿಲುವು.

ನಾನು ಕೊಟ್ಟ ಸಲಹೆ ಹೀಗಿತ್ತು: ವಾರಾಂತ್ಯದಲ್ಲಿ ಸಾಪ್ತಾಹಿಕ ಚಾರ್ಟ್ ನೋಡಿ ಷೇರಿನ ದಿಕ್ಕನ್ನು ತಿಳಿಯುವುದು, ಖರೀದಿ, ಮಾರಾಟದ ತೀರ್ಮಾನವನ್ನು ದೈನಿಕ ಕ್ಯಾಂಡಲ್ ಪೂರ್ತಿಯಾದ ಮೇಲೆ ರಾತ್ರಿ ಮಾತ್ರ ಮಾಡುವುದು, ಬೆಳಿಗ್ಗೆ ಆರ್ಡರುಗಳು ಸರಿಯಾಗಿವೆಯೇ ಎಂದಷ್ಟೇ ನೋಡುವುದು. ಬೆಳಿಗ್ಗೆ ರೈಲಿಗೆ ಕಾಯುವಾಗ ಕಾಣುವುದು ನಿನ್ನೆಯದೇ ಚಾರ್ಟ್, ಅದರಲ್ಲಿ ಹೊಸತೇನೂ ಇರುವುದಿಲ್ಲ. ಅವಸರ ಮಾತ್ರ ಹೊಸತು. ಸ್ಟಾಪ್ ಲಾಸನ್ನು ಸರಾಸರಿ ಏರಿಳಿತದ ಎರಡರಷ್ಟು, ಅಂದರೆ 24 ರೂಪಾಯಿ ಕೆಳಗೆ, 376ಕ್ಕೆ ಇಡಲು ಹೇಳಿದೆ.

"ಹಾಗಾದರೆ ನಷ್ಟ ನಾಲ್ಕು ಪಟ್ಟಾಗುವುದಿಲ್ಲವೇ?" ಎಂದು ಅವರು ಕೇಳಿದರು. ಷೇರುಗಳ ಸಂಖ್ಯೆ ಬದಲಾಗದಿದ್ದರೆ ಆಗುತ್ತದೆ. ಅವರು ಒಂದು ವ್ಯವಹಾರದಲ್ಲಿ ಕಳೆದುಕೊಳ್ಳಲು ಸಿದ್ಧರಿದ್ದದ್ದು 1,500 ರೂಪಾಯಿ. 6 ರೂಪಾಯಿಯ ಸ್ಟಾಪ್‌ಗೆ 250 ಷೇರು ಕೊಳ್ಳುತ್ತಿದ್ದರು. 24 ರೂಪಾಯಿಯ ಸ್ಟಾಪ್‌ಗೆ 62 ಷೇರು ಮಾತ್ರ. ಒಂದು ಲಕ್ಷದ ಖರೀದಿ 24,800ಕ್ಕೆ ಇಳಿಯಿತು. ಇದು ಅವರಿಗೆ ಹಿಡಿಸಲಿಲ್ಲ. ಲಾಭದ ವೇಗ ಕಡಿಮೆಯಾಗುತ್ತದೆ ಎಂಬ ಅವರ ಮಾತು ನಿಜವೇ. ಆದರೆ ದೊಡ್ಡ ಮೊತ್ತವನ್ನು ಚಿಕ್ಕ ಸ್ಟಾಪ್‌ನೊಂದಿಗೆ ಆಡಿಸುವುದಕ್ಕೆ ಹಗಲಿನ ಕಣ್ಣು ಬೇಕು, ಅದು ಅವರ ಬಳಿ ಇಲ್ಲ. ನನ್ನದು ಅತಿ ಎಚ್ಚರಿಕೆ ಎಂದು ಕೆಲವರು ಆಕ್ಷೇಪಿಸಿದ್ದಾರೆ, ಒಂದು ಗಂಟೆಯ ಚಾರ್ಟ್ ಸಾಕೆಂದೂ ಹೇಳಿದ್ದಾರೆ. ಹಗಲಿನಲ್ಲಿ ಒಮ್ಮೆಯೂ ನೋಡಲಾಗದವರಿಗೆ ಅದರಿಂದ ತೊಂದರೆ ತಪ್ಪುವುದಿಲ್ಲ. ಯಾವ ಷೇರು ಕೊಳ್ಳಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ ಎಂಬುದನ್ನೂ ಇಲ್ಲಿ ಸ್ಪಷ್ಟಪಡಿಸುತ್ತೇನೆ.

ಅವರ ಪರವಾಗಿ ಹಗಲಿಡೀ ಕಾಯಬೇಕಾದದ್ದು GTT ಆರ್ಡರ್, ಅಂದರೆ ಬೆಲೆ ನಾವು ಇಟ್ಟ ಟ್ರಿಗರ್ ಮಟ್ಟವನ್ನು ಮುಟ್ಟಿದಾಗ ತಾನಾಗಿಯೇ ಹೊರಡುವ ಆರ್ಡರ್. ಷೇರು ಡಿಮ್ಯಾಟ್‌ನಿಂದ ಹೊರಹೋಗಲು ಅನುಮತಿ ಬೇಕಾದುದರಿಂದ, ಬ್ರೋಕರಿಗೆ DDPI ಎಂಬ ಒಪ್ಪಿಗೆಪತ್ರ ಕೊಟ್ಟಿರದಿದ್ದರೆ ಮಾರಾಟದ ಆರ್ಡರ್ ತಿರಸ್ಕೃತವಾಗಬಹುದು. ಅವರು ಕೊಟ್ಟಿರಲಿಲ್ಲ, ಮೊದಲು ಅದನ್ನು ಮಾಡಿಸಿದೆವು.

ಎರಡು ತಿಂಗಳ ನಂತರ ಬಂದಾಗ ಅವರು ಮೂರೇ ಖರೀದಿ ಮಾಡಿದ್ದರು, ನಿದ್ದೆ ಬರುತ್ತಿದೆ ಎಂದರು. ಆದರೆ ಒಂದರಲ್ಲಿ ಟ್ರಿಗರ್ 376, ಮಾರುವ ಕನಿಷ್ಠ ಬೆಲೆ 374 ಎಂದು ಇಟ್ಟಿದ್ದರು. ಷೇರು ಒಂದು ಬೆಳಿಗ್ಗೆ ನೇರವಾಗಿ 370ರಲ್ಲಿ ತೆರೆದು ಇಳಿಯುತ್ತಲೇ ಹೋದದ್ದರಿಂದ ಮಾರಾಟವಾಗದೆ ಉಳಿಯಿತು, ರಾತ್ರಿ ನೋಡುವಾಗ 363 ಆಗಿತ್ತು. ಕನಿಷ್ಠ ಬೆಲೆಯನ್ನು ಟ್ರಿಗರಿಗಿಂತ 12 ರೂಪಾಯಿಯಷ್ಟು ಕೆಳಗಿಡಲು ಹೇಳಿದೆ. ಹಾಗಿಟ್ಟರೂ ಆ ಹೊತ್ತಿಗೆ ಸಿಗುವ ಉತ್ತಮ ಬೆಲೆಗೇ ಮಾರಾಟವಾಗುತ್ತದೆ. ಅದಕ್ಕೂ ಕೆಳಗೆ ತೆರೆದರೆ ಏನು ಮಾಡುವುದೆಂದು ಅವರು ಕೇಳಿದರು. ಅಂಥ ದಿನಕ್ಕಾಗಿಯೇ 250ರ ಬದಲು 62 ಷೇರು ಎಂದು ಹೇಳಿದೆ.