ಎರಡನೆಯ ಪತ್ರ ಎಲ್ಲಿ?

*ಸಂಪಾದಕರಿಗೆ ನಮಸ್ಕಾರ. ಸಿವಿಲ್ ಎಂಜಿನಿಯರಿಂಗ್ ಓದಿ ಮೂರು ವರ್ಷ ಕಟ್ಟಡದ ಸೈಟಿನಲ್ಲಿದ್ದೆ. ಈಗ ನಕ್ಷೆಯ ಕೆಲಸಕ್ಕೆ, ಅಂದರೆ ಜಿಐಎಸ್ ಕಡೆಗೆ ಹೊರಳುವ ಆಸೆ. ಆ ಕ್ಷೇತ್ರದ 14 ಜನಕ್ಕೆ ಹೀಗೆ ಬರೆದೆ: ‘ನಮಸ್ಕಾರ ಸರ್/ಮೇಡಂ, ನಾನು ನಿಮ್ಮ ಕ್ಷೇತ್ರಕ್ಕೆ ಬರಬೇಕೆಂದಿದ್ದೇನೆ. ದಯವಿಟ್ಟು ಮಾರ್ಗದರ್ಶನ ನೀಡಿ. ಬಯೋಡೇಟಾ ಲಗತ್ತಿಸಿದ್ದೇನೆ.’ ಒಬ್ಬರು ಮಾತ್ರ ಫೋನಿನಲ್ಲಿ 25 ನಿಮಿಷ ಮಾತಾಡಿದರು. ‘ಥ್ಯಾಂಕ್ಯೂ ಮೇಡಂ’ ಎಂದು ಕಳಿಸಿದೆ. ಅದಾಗಿ ಐದು ತಿಂಗಳು. ಮತ್ತೆ ಬರೆದರೆ ಪೀಡಿಸಿದಂತಾಗುವುದೇ? ಹಿರಿಯರಿಗೆ ನಮ್ಮ ಮೇಲೆ ಇಷ್ಟು ತಾತ್ಸಾರವೇಕೆ?*
*– ಒಬ್ಬ ಓದುಗ*

ತಾತ್ಸಾರ ಇರುವ ಹಿರಿಯರು ಇದ್ದಾರೆ, ಒಪ್ಪಿದೆ. ಎರಡು ಸಾಲು ಬರೆಯಲೂ ಕೈ ಏಳದವರನ್ನು ನಾನೂ ಕಂಡಿದ್ದೇನೆ. ಅವರ ಪರ ವಾದಿಸಲು ನನಗೂ ಮನಸ್ಸಿಲ್ಲ. ಆದರೆ ನೀವು ಕಳಿಸಿದ ಆ ಮೂರು ಸಾಲು ನನ್ನ ಮೇಜಿಗೆ ಬಂದಿದ್ದರೆ ಉತ್ತರಿಸದ ಆ ಹದಿಮೂರು ಜನರ ಜೊತೆ ನಾನೂ ಬಹುಶಃ ಹದಿನಾಲ್ಕನೆಯವನಾಗುತ್ತಿದ್ದೆ.

‘ಸರ್/ಮೇಡಂ’ ಎಂಬ ಆ ಓರೆಗೆರೆಯನ್ನೇ ನೋಡಿ. ಓದುವವರಿಗೆ ಮೊದಲ ಪದದಲ್ಲೇ ತಿಳಿಯುತ್ತದೆ, ಇದು ನನಗೆ ಬರೆದದ್ದಲ್ಲ, ಊರಿಗೆಲ್ಲ ಹಂಚಿದ್ದು ಎಂದು. ಇನ್ನು ‘ಮಾರ್ಗದರ್ಶನ’. ಈ ಪದ ಕಂಡರೆ ನನಗೆ ಸುಸ್ತು. ಯಾವ ಮಾರ್ಗ? ಎಲ್ಲಿಂದ ಎಲ್ಲಿಗೆ? ಉತ್ತರಿಸಬೇಕಾದವರು ಮೊದಲು ನಿಮ್ಮ ಪ್ರಶ್ನೆಯನ್ನು ತಾವೇ ಹುಟ್ಟಿಸಿಕೊಳ್ಳಬೇಕು. ಕೊನೆಗೆ ಬಯೋಡೇಟಾ. ಅದನ್ನು ಅಂಟಿಸಿದ ಕ್ಷಣವೇ ನೀವು ಕೇಳಿದ್ದು ಮಾತುಕತೆಯಾಗಿ ಉಳಿಯದೆ ಕೆಲಸವಾಯಿತು. ಕೆಲಸ ಕೊಡುವುದು ಆ ವ್ಯಕ್ತಿಯ ಕೈಯಲ್ಲಿ ಇರುವುದೇ ಅಪರೂಪ, ಹಾಗಾಗಿ ಉತ್ತರಿಸದಿರುವುದೇ ಅವರಿಗೆ ಸುಲಭ.

ತಿದ್ದುವುದು ನನ್ನ ಕಸುಬು, ತಿದ್ದಿದ್ದೇನೆ. ಇದು ಎಲ್ಲರಿಗೂ ಅಲ್ಲ, ಒಬ್ಬರಿಗೆ:

‘ನಮಸ್ಕಾರ ಮೇಡಂ. ಮಳೆನೀರು ಚರಂಡಿಗಳ ನಕ್ಷೆ ಮಾಡಿದ ಬಗ್ಗೆ ನೀವು ಕೊಟ್ಟ ಉಪನ್ಯಾಸದ ವಿಡಿಯೋ ನೋಡಿ ಬರೆಯುತ್ತಿದ್ದೇನೆ. ನಾನು ಮೂರು ವರ್ಷ ಕಟ್ಟಡದ ಸೈಟಿನಲ್ಲಿದ್ದ ಸಿವಿಲ್ ಎಂಜಿನಿಯರ್. ಆಟೋಕ್ಯಾಡ್ ಬಳಕೆಯಿದೆ, ಕ್ಯೂಜಿಐಎಸ್ ಈಗಷ್ಟೇ ಕಲಿಯುತ್ತಿದ್ದೇನೆ. ಸೈಟಿನ ಅನುಭವ ನಿಮ್ಮ ದಿನದ ಕೆಲಸದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂದು ಕೇಳಬೇಕಿತ್ತು. ಮುಂದಿನ ಎರಡು ವಾರಗಳಲ್ಲಿ ಫೋನಿನಲ್ಲಿ 20 ನಿಮಿಷ ಸಿಗುವಿರಾ? ಕೆಲಸ ಕೇಳುವುದಕ್ಕಲ್ಲ. ಬಿಡುವಿಲ್ಲದಿದ್ದರೆ ಬೇಸರವಿಲ್ಲ.’

ಉತ್ತರ ಬಾರದಿದ್ದರೆ ಒಂದು ವಾರ, ಹತ್ತು ದಿನ ಬಿಟ್ಟು ಅದೇ ಮೇಲ್‌ನ ಕೆಳಗೆ ಎರಡು ಸಾಲಿನಲ್ಲಿ ನೆನಪಿಸಿ. ಆಮೇಲೂ ಮೌನವೆಂದರೆ ಅಲ್ಲಿಗೆ ಬಿಡಿ. ಎಷ್ಟೋ ಸಲ ಈ ನೆನಪಿನ ಸಾಲಿಗೇ ಉತ್ತರ ಬರುತ್ತದೆ, ಮೊದಲನೆಯದು ‘ನಾಳೆ ನೋಡೋಣ’ ಎಂಬ ರಾಶಿಯಡಿ ಹೂತಿರುತ್ತದೆ. ಸಂಪಾದಕರ ಮೇಜಿನ ಕಥೆಯೂ ಇದೇ, ಬೇರೆಯವರಿಗೆ ಹೇಳಬೇಡಿ.

ಮಾತುಕತೆಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ‘ಈ ಫೀಲ್ಡಿಗೆ ಸ್ಕೋಪ್ ಇದೆಯಾ?’ ಎಂದು ಕೇಳಬೇಡಿ. ‘ಹೋದ ವಾರ ನಿಮ್ಮ ಹೆಚ್ಚು ಹೊತ್ತು ಯಾವುದಕ್ಕೆ ಹೋಯಿತು?’ ಎಂದು ಕೇಳಿ. ನಕ್ಷೆ ಬಿಡಿಸುವುದಕ್ಕಿಂತ ಬೇರೆ ಬೇರೆ ಕಡೆಯಿಂದ ಬಂದ, ಒಂದರ ಮೇಲೊಂದು ಸರಿಯಾಗಿ ಕೂರದ ಡೇಟಾವನ್ನು ಹೊಂದಿಸುವುದಕ್ಕೇ ಅರ್ಧ ವಾರ ಹೋಯಿತು ಎಂದು ಅವರು ಅಂದರೆ, ಆ ಕೆಲಸ ನಿಮಗೆ ಒಗ್ಗುತ್ತದೆಯೇ ಎಂದು ನಿಮಗೇ ಗೊತ್ತಾಗುತ್ತದೆ. ಇಪ್ಪತ್ತು ವರ್ಷದಿಂದ ಇರುವವರು ತಾವು ಒಳಗೆ ಬಂದ ಬಾಗಿಲನ್ನು ತೋರಿಸುತ್ತಾರೆ, ಅದು ಯಾವಾಗಲೋ ಮುಚ್ಚಿರಬಹುದು. ಆದ್ದರಿಂದ ಎರಡು ಮೂರು ವರ್ಷದ ಹಿಂದೆ ಸೇರಿದವರನ್ನೂ ಮಾತಾಡಿಸಿ. 18ನೇ ನಿಮಿಷಕ್ಕೆ ‘ನಾನು ಕೇಳಿದ ಹೊತ್ತು ಮುಗಿಯುತ್ತಾ ಬಂತು’ ಎಂದು ನೀವೇ ಹೇಳಿ. ಮುಂದುವರಿಸುವುದು ಅವರ ಇಷ್ಟ. ಬಿಡುವ ಮುನ್ನ, ಇನ್ಯಾರ ಜೊತೆ ಮಾತಾಡಬೇಕು, ನಿಮ್ಮ ಹೆಸರು ಹೇಳಬಹುದೇ ಎಂದು ಕೇಳಿ.

ನನ್ನ ನಿಜವಾದ ತಕರಾರು ಇರುವುದು ಆಮೇಲಿನದರ ಬಗ್ಗೆ. ‘ಥ್ಯಾಂಕ್ಯೂ ಮೇಡಂ’ ಎಂಬುದು ಪತ್ರವಲ್ಲ, ರಸೀದಿ. ಮಾತಾಡಿದ ಮರುದಿನದೊಳಗೆ ಅವರು ಹೇಳಿದ್ದರಲ್ಲಿ ಒಂದನ್ನಾದರೂ ಹೆಸರಿಸಿ ಬರೆದರೆ ಅದು ಮೊದಲ ಪತ್ರ. ಅದನ್ನು ಮಾಡಿ ನೋಡಿ, ಆರೆಂಟು ವಾರಗಳ ಮೇಲೆ, ಏನಾಯಿತೆಂದು ತಿಳಿಸಿದರೆ ಅದು ಎರಡನೆಯ ಪತ್ರ. ಈ ಎರಡನೆಯದನ್ನು ಬರೆಯುವವರೇ ಇಲ್ಲ.

ಇದರ ಬೆಲೆ ಏನೆಂದು ಕೇಳುವಿರಿ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲಿ ಒಂದು ಲೇಖನ ಬರೆದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು, ಆ ಪರಿಚಯದವರನ್ನು ನೀವು ಎಷ್ಟು ಸಲ ಕಾಣುತ್ತಿದ್ದಿರಿ ಎಂದು ಕೇಳಿದ್ದರು. ಆಗಾಗ ಕಾಣುತ್ತಿದ್ದೆವು ಎಂದವರು ಶೇ. 17ರಷ್ಟೂ ಇರಲಿಲ್ಲ. ಯಾವಾಗಲಾದರೊಮ್ಮೆ ಎಂದವರು ಅರ್ಧಕ್ಕಿಂತ ಹೆಚ್ಚು, ವರ್ಷಕ್ಕೊಮ್ಮೆಯೋ ಅದಕ್ಕೂ ಕಡಿಮೆಯೋ ಎಂದವರು ಶೇ. 28ರ ಹತ್ತಿರ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಇರುವುದು ದೂರದವರ ಬಳಿ. ಗ್ರಾನೊವೆಟರ್ ಕೇಳಿದ್ದು ಕೆಲವೇ ಜನರನ್ನು, ಒಂದು ಪಟ್ಟಣದ ಸುತ್ತಮುತ್ತ, ಆದ್ದರಿಂದ ಅಂಕಿಗೆ ಜೋತುಬೀಳಬೇಡಿ. ನನಗೆ ಅದರಲ್ಲಿ ಹಿಡಿಸಿದ್ದು ಬೇರೆ: ವರ್ಷಕ್ಕೊಮ್ಮೆಯಾದರೂ ನೆನಪಿಗೆ ಬರುವ ಪರಿಚಯ ಬೇಕು. 25 ನಿಮಿಷ ಮಾತಾಡಿ ಮಾಯವಾದವನು ಆ ಲೆಕ್ಕಕ್ಕೂ ಬರುವುದಿಲ್ಲ.

ಹಿಂದೊಮ್ಮೆ ಒಬ್ಬ ಹುಡುಗಿ ಪ್ರೂಫ್ ತಿದ್ದುವ ಕೆಲಸದ ಬಗ್ಗೆ ಕೇಳಲು ಬಂದಿದ್ದಳು. ಅಚ್ಚಾದ ಪುಟವೊಂದನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದಿ ತಪ್ಪು ಹುಡುಕು ಎಂದು ಹೇಳಿ ಕಳಿಸಿದೆ. ಎರಡು ತಿಂಗಳಿಗೆ ಪತ್ರ ಬಂತು: ‘ಹತ್ತು ಪುಟ ಹಾಗೆ ಓದಿದೆ. ಕಾಗುಣಿತದ ತಪ್ಪು ಸಿಕ್ಕವು, ಆದರೆ ವಾಕ್ಯವೇ ತಪ್ಪಿದ್ದ ಕಡೆ ಕಣ್ಣಿಗೆ ಬೀಳಲಿಲ್ಲ. ಈಗ ಎರಡು ಸಲ ಓದುತ್ತೇನೆ, ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ.’ ನನ್ನ ಉಪಾಯದ ಹುಳುಕನ್ನು ನನಗೇ ತೋರಿಸಿದ್ದಳು! ಏನನ್ನೂ ಬೇಡಿರಲಿಲ್ಲ. ಆ ಮೇಲೆ ಯಾರಾದರೂ ಪ್ರೂಫ್ ನೋಡುವವರು ಬೇಕೆಂದರೆ ನನ್ನ ಬಾಯಿಗೆ ಮೊದಲು ಬರುತ್ತಿದ್ದುದು ಅವಳ ಹೆಸರೇ.

ನಾನೇನು ಸಾಚಾ ಅಲ್ಲ. ಚಿಕ್ಕವನಿದ್ದಾಗ ಒಬ್ಬ ಹಿರಿಯ ಸಂಪಾದಕರು ಒಂದು ಸಂಜೆ ಪೂರ್ತಿ ನನ್ನೊಂದಿಗೆ ಕೂತು ಮಾತಾಡಿದ್ದರು. ಅವರ ಮಾತಿನಂತೆಯೇ ನಡೆದು ಕೆಲಸ ಸಿಕ್ಕಿತು, ತಿಳಿಸಲಿಲ್ಲ. ಇನ್ನೂ ಏನಾದರೂ ಸಾಧಿಸಿ ಬರೆಯೋಣ ಎಂದುಕೊಂಡೆ. ‘ಆ ಹುಡುಗ ಏನಾದ?’ ಎಂದು ಅವರು ಇಬ್ಬರ ಬಳಿ ಕೇಳಿದ್ದರಂತೆ. ಅದು ನನ್ನ ಕಿವಿಗೆ ಬಿದ್ದಾಗ ಅವರು ಇರಲಿಲ್ಲ.

ಶಾಲೆಯಲ್ಲಿ ನಮಗೆ ಕಲಿಸಿದ್ದು ರಜೆ ಅರ್ಜಿ. ‘ತಾವು ದಯಮಾಡಿ’ ಎಂದು ಶುರುವಾಗಿ ‘ಇಂತಿ ತಮ್ಮ ವಿಧೇಯ’ ಎಂದು ಮುಗಿಯುವ, ಯಾರು ಯಾರಿಗೆ ಬರೆದರೂ ಒಂದೇ ಆಗಿರುವ ಕಾಗದ. ಬೇಡುವ ಪತ್ರ ಕಲಿತೆವು, ವರದಿ ಒಪ್ಪಿಸುವ ಪತ್ರ ಕಲಿಯಲಿಲ್ಲ. ಈಗ ಅದೂ ಹೋಗಿ ಹೆಬ್ಬೆಟ್ಟಿನ ಚಿತ್ರ ಬಂದಿದೆ. ಹಿಂದೆ ಹೆಬ್ಬೆಟ್ಟು ಒತ್ತುತ್ತಿದ್ದವರಿಗೆ ಓದು ಬರಹ ಬರುತ್ತಿರಲಿಲ್ಲ ಎಂಬ ನೆಪವಾದರೂ ಇತ್ತು.

ಸರಿ, ನಿಮ್ಮ ಮೇಡಂ ವಿಷಯ. ಪೀಡೆಯಾಗುವುದು ಮತ್ತೊಂದು ಬೇಡಿಕೆ ಹೊತ್ತು ಹೋದರೆ, ಸುದ್ದಿ ಹೊತ್ತು ಹೋದರೆ ಅಲ್ಲ. ಇವತ್ತೇ ಬರೆಯಿರಿ. ಐದು ತಿಂಗಳ ಮೌನಕ್ಕೆ ಕ್ಷಮೆ ಒಂದು ಅರ್ಧ ಸಾಲು ಸಾಕು. ‘ಮೇಡಂ, ಇಂಥ ತಿಂಗಳು ನೀವು ನನ್ನೊಂದಿಗೆ 25 ನಿಮಿಷ ಮಾತಾಡಿದ್ದಿರಿ, ತಡವಾಗಿ ಬರೆಯುತ್ತಿದ್ದೇನೆ’ ಎಂಬುದು ಮೊದಲ ಸಾಲು. ಎರಡನೆಯದು, ‘ನೀವು ಹೇಳಿದಂತೆ ಇದನ್ನು ಮಾಡಿ ನೋಡಿದೆ, ಹೀಗಾಯಿತು’. ಮಾಡಿಲ್ಲವೆಂದರೆ ಮೊದಲು ಮಾಡಿ, ಒಂದು ವಾರ ತಡವಾದರೂ ಪರವಾಗಿಲ್ಲ. ಆ ಎರಡನೆಯ ಸಾಲನ್ನೂ ನಾನೇ ತುಂಬಿ ಕೊಡುತ್ತಿದ್ದೆ. ಆದರೆ ಅವರು ಆ 25 ನಿಮಿಷ ಏನು ಹೇಳಿದರು ಎಂಬ ಒಂದು ಮಾತೂ ನಿಮ್ಮ ಪತ್ರದಲ್ಲಿಲ್ಲ.